ಪುಸ್ತಕದ ಪೆಟ್ಟಿಗೆ ಮತ್ತು ಹುಣಸೆ ಬೀಜ

ನಮ್ಮ ಅತ್ತೆ ಅನ್ನಪೂರ್ಣಮ್ಮನವರ ಮೇಲೆ ಬಂದಷ್ಟು ಸಿಟ್ಟು ನನಗೆ ಈ ಜನ್ಮದಲ್ಲಿ ಇನ್ಯಾರ ಮೇಲೂ ಬಂದಿಲ್ಲ. ಅವರನ್ನು ಮೆಚ್ಚಿದಷ್ಟು ಇನ್ಯಾರನ್ನೂ ಮೆಚ್ಚಿದ್ದೂ ಇಲ್ಲ. ಎರಡೂ ಆಗಿದ್ದು ಒಂದೇ ವಾರದಲ್ಲಿ, ಎಪ್ಪತ್ತೇಳನೇ ಇಸವಿಯ ಬೇಸಿಗೆಯಲ್ಲಿ, ಒಂದು ತಗಡಿನ ಪೆಟ್ಟಿಗೆಯ ದೆಸೆಯಿಂದ.

ನಾನು ದ್ಯಾಮಮ್ಮ. ಶ್ರೀರಾಂಪುರಕ್ಕೆ ಸೊಸೆಯಾಗಿ ಬಂದು ಆಗ ಮೂರು ವರ್ಷವಾಗಿತ್ತು. ನನ್ನ ಗಂಡ ಮುರುಗಪ್ಪ ಚಿತ್ರದುರ್ಗದ ಹತ್ತಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಬಂದು ಬಟ್ಟೆ ಒಗೆಸಿಕೊಂಡು ಹೋಗುತ್ತಿದ್ದರು. ಮಾವ ಪಂಚಾಕ್ಷರಪ್ಪನವರಿಗೆ ಬಸ್ ನಿಲ್ದಾಣದ ಎದುರು ಕಿರಾಣಿ ಅಂಗಡಿ. ಮನೆಯಲ್ಲಿ ಊಟಕ್ಕೆ, ಉಡುವುದಕ್ಕೆ ಕೊರತೆ ಇರಲಿಲ್ಲ. ಆದರೆ ನಾನು ಎಸ್ಸೆಸ್ಸೆಲ್ಸಿ ಓದಿದವಳು. ಅಕ್ಷರ ಕಾಣದಿದ್ದರೆ ನನಗೆ ತಲೆ ಕೆಡುತ್ತಿತ್ತು. ಮಾವನ ಅಂಗಡಿಯಿಂದ ಬೆಲ್ಲ ಕಟ್ಟಿಕೊಂಡು ಬಂದ ಹಳೇ ಪೇಪರನ್ನು ಬಿಡಿಸಿ, ಒರೆಸಿ, ಒಲೆ ಮುಂದೆ ಕೂತು ಓದುತ್ತಿದ್ದೆ. ಸುದ್ದಿಯ ಅರ್ಧ ಬೆಲ್ಲಕ್ಕೆ ಅಂಟಿಕೊಂಡಿರುತ್ತಿತ್ತು.

ಇಂಥ ಹೊತ್ತಿನಲ್ಲಿ ಬಂದಿದ್ದು ಪೆಟ್ಟಿಗೆ. ಹೊಸದುರ್ಗದಲ್ಲಿ ಚಿತ್ರಲಿಂಗಪ್ಪ ಎನ್ನುವವರು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದರು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ. ಮಾವನಿಗೆ ಅವರು ಸಂತೆಯ ಪರಿಚಯ. ನಮ್ಮ ಊರಿನ ಎಂಟು ಮನೆಯ ಹೆಂಗಸರು ಸೇರಿ ತಿಂಗಳಿಗೆ ಮನೆಗೊಂದು ರೂಪಾಯಿ ಹಾಕಿದರೆ ವರ್ಷಕ್ಕೆ ತೊಂಬತ್ತಾರು ರೂಪಾಯಿ. ಅಷ್ಟಕ್ಕೆ ಪ್ರತಿ ತಿಂಗಳೂ ಇಪ್ಪತ್ತು ಪುಸ್ತಕದ ಪೆಟ್ಟಿಗೆ ಬಸ್ಸಿನ ಮೇಲೆ ಬರುತ್ತದೆ, ಹಳೇದು ವಾಪಸ್ ಹೋಗುತ್ತದೆ, ಸಾಗಿಸುವ ಖರ್ಚೆಲ್ಲ ಲೈಬ್ರರಿಯದೇ. ಈ ಏರ್ಪಾಡನ್ನು ಮಾಡಿಕೊಂಡು ಬಂದವರು ಮಾವ. ದುಡ್ಡು ಕೂಡಿಸಿ ಇಡುವ ಜವಾಬ್ದಾರಿ ಮತ್ತು ಪೆಟ್ಟಿಗೆಯ ಬೀಗದ ಕೈ ಅತ್ತೆಯದು. ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನದು.

ಓದುವುದೆಂದರೆ ನಮ್ಮಲ್ಲಿ ಕೈ ಕಟ್ಟಿ ಕೂತು ಓದುವುದಲ್ಲ. ನಮ್ಮ ಪಡಸಾಲೆಯಲ್ಲಿ ಯಾವಾಗಲೂ ಏನಾದರೊಂದು ಕೆಲಸ. ಮಾಘದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವುದು, ಬೇಸಿಗೆಯಲ್ಲಿ ಬಿತ್ತನೆಗೆ ಶೇಂಗಾ ಸುಲಿಯುವುದು, ನಡುವೆ ರಾಗಿ ಕೇರುವುದು. ಹತ್ತು ಹದಿನೈದು ಹೆಂಗಸರು ಸುತ್ತ ಕೂತು ಕೈ ಆಡಿಸುತ್ತಿದ್ದರೆ ಮಧ್ಯದಲ್ಲಿ ನಾನು ಕಾದಂಬರಿ ಓದುತ್ತಿದ್ದೆ. ಗೊಲ್ಲರ ಹಟ್ಟಿಯ ಕಾಟಮ್ಮನಿಗೆ ಒಂದಕ್ಷರ ಬಾರದು, ಆದರೆ ಅವಳ ಹಾಗೆ ಕಥೆ ಕೇಳುವವಳು ಇನ್ನೊಬ್ಬಳಿಲ್ಲ. ಕಥೆಯಲ್ಲಿ ಕೆಟ್ಟವನು ಬಂದರೆ ಶೇಂಗಾ ಬಿಟ್ಟು ಅವನ ವಂಶವನ್ನೇ ಬಯ್ಯುತ್ತಿದ್ದಳು. ಅವಳನ್ನು ಸುಮ್ಮನಿರಿಸಿ ಮುಂದಕ್ಕೆ ಓದಬೇಕಾದರೆ ಸಾಕಾಗುತ್ತಿತ್ತು.

ಹೀಗೆ ವರ್ಷ ಆಯಿತು. ಮೇ ತಿಂಗಳಲ್ಲಿ ಬಸ್ ಕಂಡಕ್ಟರ್ ಕೈಲಿ ಚಿತ್ರಲಿಂಗಪ್ಪನವರು ಹೇಳಿಕಳಿಸಿದರು: ತಿಂಗಳ ಕೊನೆಯೊಳಗೆ ಮುಂದಿನ ವರ್ಷದ ಚಂದಾ ಕಳಿಸಿ, ಇಲ್ಲದಿದ್ದರೆ ಪೆಟ್ಟಿಗೆ ಬೇರೆ ಊರಿಗೆ ಹೋಗುತ್ತದೆ.

ನಾನು ಅತ್ತೆಗೆ ಹೇಳಿದೆ. ಅವರು ರೊಟ್ಟಿ ತಟ್ಟುತ್ತಿದ್ದರು. ತಿರುಗಿಯೂ ನೋಡಲಿಲ್ಲ.

"ಕಳ್ಸೋದೋ ಬ್ಯಾಡವೋ ನೋಡಾಣ ತಡಿ," ಎಂದರು.

"ನೋಡೋದೇನೈತೆ ಅತ್ತೇರೆ? ವರ್ಷಕ್ಕೆ ಇನ್ನೂರ ನಲವತ್ತು ಪುಸ್ತಕ ಬರ್ತಾವೆ. ತೊಂಬತ್ತಾರು ರೂಪಾಯಿ ಅಂದ್ರೆ ಪುಸ್ತಕಕ್ಕೆ ನಲವತ್ತೇ ಪೈಸೆ. ಬಿಡಿಯಾಗಿ ತಂದ್ರೆ ಎಂಟಾಣೆ. ಪೆಟ್ಟಿಗೆ ಮುಚ್ಚಳದ ಒಳಗೇ ದರದ ಚೀಟಿ ಅಂಟ್ಸಿದಾರೆ, ನೋಡ್ರಿ."

"ಚೀಟಿ ನಾನೂ ನೋಡೀನಿ. ಅದು ಬಂದ ಪುಸ್ತಕದ ಲೆಕ್ಕ ಕಣವ್ವ. ಓದಿದ್ದರ ಲೆಕ್ಕ ಎಲ್ಲೈತೆ?"

ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಎದ್ದು ಹೋಗಿ ಗೂಡಿನಿಂದ ಒಂದು ಕುಡಿಕೆ ತಂದು ನನ್ನ ಮುಂದೆ ಸುರಿದರು. ಹುಣಸೆ ಬೀಜ. ನನಗೆ ತಲೆಬುಡ ತಿಳಿಯಲಿಲ್ಲ.

ಆಮೇಲೆ ತಿಳಿಯಿತು. ಪ್ರತಿ ತಿಂಗಳೂ ಪೆಟ್ಟಿಗೆ ತುಂಬಿ ವಾಪಸ್ ಕಳಿಸುವ ಮೊದಲು ಅತ್ತೆ ಒಂದೊಂದೇ ಪುಸ್ತಕವನ್ನು ಬೆನ್ನು ಹಿಡಿದು ಕೊಡವುತ್ತಿದ್ದರಂತೆ. ನಮ್ಮ ಪಡಸಾಲೆಯಲ್ಲಿ ಓದಿದ ಪುಸ್ತಕದಿಂದ ಏನಾದರೂ ಉದುರಲೇಬೇಕು: ಶೇಂಗಾ ಸಿಪ್ಪೆ, ಹುಣಸೆ ನಾರು, ರಾಗಿ ಹೊಟ್ಟು. ಮನೆಗೆ ಒಯ್ದು ಓದಿದ್ದಾದರೆ ಕೂದಲೆಳೆಯೋ ಒಲೆಯ ಬೂದಿಯೋ. ಉದುರಿದರೆ ಕುಡಿಕೆಗೆ ಒಂದು ಬೀಜ. ಉದುರದಿದ್ದರೆ ಇಲ್ಲ. ಅನುಮಾನ ಬಂದರೆ ಆ ಪುಸ್ತಕ ಒಯ್ದವಳ ಮನೆಗೇ ಹೋಗಿ, ಅದರಲ್ಲಿ ಏನಿತ್ತೇ ಎಂದು ಕೇಳಿ ಬರುತ್ತಿದ್ದರಂತೆ. ಇಂಥ ಅತ್ತೆಯನ್ನು ಪೊಲೀಸಿಗೆ ಸೇರಿಸಿದ್ದರೆ ಜಿಲ್ಲೆಯಲ್ಲಿ ಕಳ್ಳರೇ ಇರುತ್ತಿರಲಿಲ್ಲ.

ಬೀಜ ಎಣಿಸಿದೆ. ಐವತ್ತೈದು.

"ಈ ತಿಂಗಳದ್ದು ಇನ್ನೂ ಬಾಕಿ ಐತೆ," ಎಂದರು ಅತ್ತೆ. "ಐದು ಓದ್ತೀರ ಅಂತ ಇಟ್ಕಂಡ್ರೂ ಅರವತ್ತು. ತೊಂಬತ್ತಾರು ರೂಪಾಯಿ, ಅರವತ್ತು ಪುಸ್ತಕ. ಒಂದಕ್ಕೆ ಎಷ್ಟು ಬಿತ್ತು?"

ಲೆಕ್ಕ ಹಾಕಿದೆ. ಒಂದು ರೂಪಾಯಿ ಅರವತ್ತು ಪೈಸೆ.

"ಎಂಟಾಣೆಗೆ ಸಿಗೋದಕ್ಕೆ ಒಂದು ಅರವತ್ತು. ಮೂಗಿಗಿಂತ ಮೂಗುತಿ ಭಾರ ಆಯ್ತು," ಎಂದು ರೊಟ್ಟಿ ತಿರುವಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆ ನಿಂತರೆ ಮತ್ತೆ ಬೆಲ್ಲದ ಪೇಪರೇ ಗತಿ. ಬಿಡಿ ಪುಸ್ತಕ ಎಂಟಾಣೆಯಂತೆ! ಹೊಸದುರ್ಗಕ್ಕೆ ಹೋಗಿ ತರುವವರು ಯಾರು? ಈ ಮನೆಯ ಸೊಸೆ ಒಬ್ಬಳೇ ಬಸ್ ಹತ್ತಿದ್ದನ್ನು ಕಂಡವರುಂಟೆ? ತವರಿಗೆ ಹೋಗಬೇಕಾದರೂ ಗಂಡ ಬರುವ ತನಕ ಕಾಯಬೇಕು.

"ಓದಿದ್ದು ನಾನೊಬ್ಳೇ ಅಲ್ಲ ಅತ್ತೇರೆ," ಎಂದು ಜಗಳಕ್ಕೇ ನಿಂತೆ. "ಒಂದೊಂದು ಪುಸ್ತಕಾನೂ ಹದಿನೈದು ಜನ ಕೇಳೀದಾರೆ. ನಿಮ್ಮ ಒಂದು ಅರವತ್ತನ್ನ ಹದಿನೈದ್ರಿಂದ ಭಾಗ್ಸ್ರಿ. ಒಬ್ಬೊಬ್ರಿಗೆ ಹನ್ನೊಂದು ಪೈಸೇನೂ ಬೀಳಲ್ಲ."

ಬಿದ್ದರು, ಸೋತರು ಅಂದುಕೊಂಡೆ. ಅತ್ತೆ ನನ್ನ ಮುಖ ನೋಡಿ ನಕ್ಕರು.

"ಶಾಣೆ ಆಗೀಯ. ಆದ್ರೆ ಎಂಟಾಣೆ ಕೊಟ್ಟು ತಂದ ಬಿಡಿ ಪುಸ್ತಕಾನ ಏನು ನೀನು ಕದ ಹಾಕ್ಕಂಡು ಓದ್ತೀಯ? ಅದನ್ನೂ ಅದೇ ಹದಿನೈದು ಜನ ಕೇಳ್ತಾರೆ. ಭಾಗ್ಸೋದಾದ್ರೆ ಎರಡೂ ಕಡೆ ಭಾಗ್ಸು."

ಲೆಕ್ಕ ಸರಿಯಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಮಧ್ಯಾಹ್ನ ಶೇಂಗಾ ಸುಲಿಯುವಾಗ ಕಾಟಮ್ಮನ ಮುಂದೆ ಎಲ್ಲ ಹೇಳಿಕೊಂಡೆ. ಅವಳು ಕಣ್ಣು ಕಿರಿದು ಮಾಡಿದಳು.

"ಚಿಕ್ಕಮ್ಮಾರೆ, ಕ್ಷೌರದೋರಿಗೆ ಸುಗ್ಗೀಲಿ ಆಯ ಕೊಡಲ್ವಾ, ವರ್ಷಕ್ಕೆ ಇಷ್ಟು ಜೋಳ ಅಂತ? ಕೊಟ್ಟ ಮ್ಯಾಲೆ ವಾರಕ್ಕೊಂದ್ಸಲ ಗಡ್ಡ ಕೆರೆಸ್ಕಂಡ್ರೂ ಅಷ್ಟೇ, ತಿಂಗಳಿಗೊಂದ್ಸಲ ಕೆರೆಸ್ಕಂಡ್ರೂ ಅಷ್ಟೇ. ಕೊಟ್ಟಾಗೈತೆ ಅಂದ್ಮೇಲೆ ಕೆರೆಸ್ಕಂಡಷ್ಟೂ ಅಗ್ಗ. ಓದಿದ್ದು ಹೆಚ್ಚಾದ್ರೆ ದರ ಇಳೀತೈತೆ, ಅಲ್ವಾ?"

"ಹೌದೇ. ಆದ್ರೆ ಉಳಿದಿರೋದು ನಾಲ್ಕು ದಿನ."

"ಸಾಕ್ ಬಿಡ್ರಿ," ಎಂದಳು ಕಾಟಮ್ಮ.

ಅವಳು ಮಾಡಿದ್ದೇನೆಂದರೆ, ಆ ತಿಂಗಳ ಇಪ್ಪತ್ತೂ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡು, ಒಂದೊಂದರ ನಡುವೆಯೂ ಬೊಗಸೆ ಬೊಗಸೆ ಶೇಂಗಾ ಸಿಪ್ಪೆ ತುರುಕಿದಳು. ನಾನು ಬಾಗಿಲ ಕಡೆ ಕಾವಲು ನಿಂತೆ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.

ತಿಂಗಳ ಕೊನೆ ಬಂತು. ಅತ್ತೆ ಪಡಸಾಲೆಯಲ್ಲಿ ಚಾಪೆ ಹಾಸಿ, ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಕೂತರು. ಮೊದಲನೆಯದು ಕೊಡವಿದರು, ಸಿಪ್ಪೆ ಉದುರಿತು. ಎರಡನೆಯದು, ಉದುರಿತು. ಕುಸ್ತಿಯ ಪಟ್ಟುಗಳ ಪುಸ್ತಕ ಕೊಡವಿದರು, ಅದರಿಂದಲೂ ಉದುರಿತು. ಟೈಪ್‌ರೈಟಿಂಗ್ ಕಲಿಯುವ ಕೈಪಿಡಿ, ಅದರಿಂದ ಒಂದು ಇಡೀ ಕಾಯಿಯೇ ಬಿತ್ತು. ಅತ್ತೆ ಅದನ್ನು ಸುಲಿದು ಬಾಯಿಗೆ ಹಾಕಿಕೊಂಡು ಅಗಿಯುತ್ತ, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು.

"ಕಾಟಮ್ಮ, ಕುಸ್ತಿ ಕಲಿತ್ಯೇನವ್ವ?"

"ಹೂಂ ಅಮ್ಮಾರೆ. ಎರಡು ಪಟ್ಟು."

"ಬಲು ಸಂತೋಷ. ಇಲ್ಲಿ ನೋಡು." ಒಂದು ದಪ್ಪ ಪುಸ್ತಕವನ್ನು ಎತ್ತಿ ಹಿಡಿದರು. ಅಗ್ಗದ ಪುಸ್ತಕಗಳಲ್ಲಿ ಆಗ ಎಷ್ಟೋ ಹಾಳೆಗಳ ಅಂಚು ಕತ್ತರಿಸದೆ ಒಂದಕ್ಕೊಂದು ಕೂಡಿಕೊಂಡೇ ಬರುತ್ತಿದ್ದವು. ಓದುವವರು ಚಾಕುವಿನಿಂದ ಸೀಳಿಕೊಳ್ಳಬೇಕು. ಈ ಪುಸ್ತಕದಲ್ಲಿ ಒಂದನ್ನೂ ಯಾರೂ ಸೀಳಿರಲಿಲ್ಲ. "ಹಾಳೆ ಬಿಡಿಸದೇನೆ ಓದೀರಲ್ಲ, ನಿಮ್ಮ ಕಣ್ಣಿಗೆ ದೃಷ್ಟಿ ತೆಗೀಬೇಕು ನಾನು."

ಕಾಟಮ್ಮ ಕಿಸಕ್ಕನೆ ನಕ್ಕುಬಿಟ್ಟಳು. ಅವಳ ಹಿಂದೆ ಎಲ್ಲರೂ. ಅತ್ತೆಯೂ ನಕ್ಕರು. ನಾನು ಮಾತ್ರ ನಗಲಿಲ್ಲ. ಅಳು ಬಂದುಬಿಟ್ಟಿತ್ತು. ಎದ್ದು ಹಿತ್ತಿಲಿಗೆ ಹೋದೆ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತರು.

"ಅಳೋದು ಆಮೇಲೆ ಅಳುವಂತೆ. ಕೇಳಿದ್ದಕ್ಕೆ ಹೇಳು. ಇಪ್ಪತ್ತರಾಗೆ ಐದನ್ನೇ ಯಾಕೆ ಓದಿದ್ರಿ?"

ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಒಂದೇ ಸಲ ಹೊರಗೆ ಬಂತು. "ಓದೋ ಅಂಥವು ಐದೇ ಇರ್ತಾವೆ! ಅವರ ಅಂಗಡೀಲಿ ಯಾರೂ ಮುಟ್ಟದೇ ಇರೋದನ್ನೆಲ್ಲ ನಮಗೆ ತುಂಬ್ತಾರೆ. ಕಾದಂಬರಿ ಎರಡನೇ ಭಾಗ ಬಂದ್ರೆ ಮೊದಲನೇದು ಇರಲ್ಲ. ನಾನೇ ಹೋಗಿ ಆರಿಸ್ಕಂಡು ಬಂದ್ರೆ ಐದಕ್ಕೆ ಐದೂ ಓದೋವಂಥವೇ ತರ್ತೀನಿ."

ಅತ್ತೆ ಕಲ್ಲಿನ ಮೇಲೆ ಬೆರಳಾಡಿಸಿ ಏನೋ ಎಣಿಸಿದರು. ಆಮೇಲೆ, "ಬಸ್ ಚಾರ್ಜ್ ಹೋಗಿ ಬರಾಕೆ ಮೂರು ರೂಪಾಯಿ, ಅಲ್ವಾ?" ಎಂದಷ್ಟೇ ಕೇಳಿ ಎದ್ದು ಹೋದರು.

ಸಂಜೆ ಮಾವ ಅಂಗಡಿಯಿಂದ ಬಂದು ಕಾಲು ತೊಳೆದು ಕೂತರು. ಅತ್ತೆ ಮಜ್ಜಿಗೆ ಕೊಟ್ಟು, ಚಂದಾ ಕಟ್ಟುವುದಿಲ್ಲ ಎಂದರು. ಕಾರಣವನ್ನೂ ಹೇಳಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಒಂದು ಅರವತ್ತಾ!" ಮಾವ ಮಜ್ಜಿಗೆ ಲೋಟ ಕೆಳಗಿಟ್ಟರು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನಿಲ್ಸಿಬಿಡು. ಚಿತ್ರಲಿಂಗಪ್ಪಂಗೆ ನಾನು ಹೇಳ್ತೀನಿ."

"ಪೆಟ್ಟಿಗೆ ನಿಲ್ಸಿದ್ರೆ ಓದೋದು ನಿಲ್ಬೇಕಿಲ್ಲ. ತಿಂಗಳಿಗೆ ಐದು ಬಿಡಿ ಪುಸ್ತಕ ಎರಡೂವರೆ ರೂಪಾಯಿ. ವರ್ಷಕ್ಕೆ ಮೂವತ್ತು. ಹೋಗಿ ಬರೋ ಬಸ್ ಚಾರ್ಜ್ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಒಟ್ಟು ಅರವತ್ತಾರು. ಅರವತ್ತು ಪುಸ್ತಕಕ್ಕೆ ಅರವತ್ತಾರು, ಒಂದಕ್ಕೆ ಒಂದು ರೂಪಾಯಿ ಹತ್ತು ಪೈಸೆ. ಹೆಂಗೈತೆ?"

"ಬಸ್ ಚಾರ್ಜ್ ಯಾತಕ್ಕೆ? ನಾನೇ ಸಂತೆಗೆ ಹೋಗ್ತೀನಲ್ಲ. ಬರುವಾಗ ಐದು ಪುಸ್ತಕ ಹಿಡ್ಕಂಡು ಬರ್ತೀನಿ. ಮೂವತ್ತರಾಗೆ ಮುಗೀತು."

ಲೆಕ್ಕದಲ್ಲಿ ಮಾವ ಗೆದ್ದುಬಿಟ್ಟಿದ್ದರು.

"ತರ್ರಿ," ಎಂದರು ಅತ್ತೆ, ತಣ್ಣಗೆ. "ಓದದೇ ಇರೋರು ಆರಿಸಿದ್ದಕ್ಕೆ ಇಪ್ಪತ್ತಕ್ಕೆ ಐದು ಓದಿಸ್ಕಂಡ್ವು. ಅಂದ್ರೆ ನಾಲ್ಕಕ್ಕೊಂದು. ನೀವು ತಂದ ಐದರಾಗೆ ಓದಿಸ್ಕಳ್ಳೋದು ಒಂದು. ಎರಡೂವರೆ ರೂಪಾಯಿಗೆ ಒಂದು ಪುಸ್ತಕ ಆತಲ್ಲ! ಪೆಟ್ಟಿಗೆಗಿಂತ ತುಟ್ಟಿ. ಹೋದ ಸಲ ನನಗೆ ನೀವೇ ಆರಿಸ್ಕಂಡು ಬಂದ ಸೀರೆ ಟ್ರಂಕಿನಾಗೆ ಹಂಗೇ ಐತೆ, ಒಂದ್ಸಲನೂ ಉಟ್ಟಿಲ್ಲ. ಅದರ ಲೆಕ್ಕ ಹೇಳ್ಲಾ?"

ಮಾವ ಆ ಸೀರೆಯ ಮಾತು ಬೇಡವೆಂದು ಕೈ ಅಲ್ಲಾಡಿಸಿದರು.

"ಓದೋಳೇ ಆರಿಸ್ಬೇಕು," ಎಂದರು ಅತ್ತೆ. "ದ್ಯಾಮಿ ಹೋಗಿ ಬರ್ಲಿ."

ನಾನು ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದೆ.

"ಏನೇ ನೀನು, ಸೊಸೆ ಒಬ್ಳೇ ಬಸ್ ಹತ್ತಿಕಂಡು ಹೊಸದುರ್ಗಕ್ಕೆ? ಮುರುಗಪ್ಪ ಏನಂದಾನು?"

"ಮುರುಗಪ್ಪ ಲೆಕ್ಕ ಬರೆಯೋನು. ಲೆಕ್ಕ ತೋರಿಸ್ತೀನಿ, ಒಪ್ಕಂತಾನೆ."

"ಜನ?"

"ಜನ ಚಂದಾ ಕಟ್ತಾರಾ?"

ಮಾವ ತಲೆ ಕೆರೆದುಕೊಂಡರು. ಕೆಟ್ಟವರಲ್ಲ ಅವರು, ಸುಮ್ಮನೆ ಹೂಂ ಎಂದು ಅಭ್ಯಾಸವಿಲ್ಲ, ಅಷ್ಟೇ. "ಆಗ್ಲಿ, ಜತೇಲಿ ಕಾಟಮ್ಮನ್ನಾದ್ರೂ ಕಳ್ಸು. ಇಬ್ರು ಹೋಗಿ ಬರ್ಲಿ."

"ಕಳ್ಸಾಣ. ಲೆಕ್ಕ ನೀವೇ ಹಾಕ್ರಿ."

ಮಾವ ಲೆಕ್ಕ ಹಾಕಿದರು. ಅಂಗಡಿಯವರಲ್ಲವೇ, ತುಟಿ ಅಲ್ಲಾಡಿದ್ದಷ್ಟೇ. ಇಬ್ಬರ ಬಸ್ ಚಾರ್ಜ್ ತಿಂಗಳಿಗೆ ಆರು, ವರ್ಷಕ್ಕೆ ಎಪ್ಪತ್ತೆರಡು. ಪುಸ್ತಕದ ಮೂವತ್ತು ಸೇರಿಸಿದರೆ ನೂರಾ ಎರಡು. ಅವರ ಮುಖ ಸಣ್ಣದಾಯಿತು.

"ಚಂದಾಗಿಂತ ಆರು ರೂಪಾಯಿ ಹೆಚ್ಚಾತಲ್ಲೇ."

"ಹೆಚ್ಚಾತು," ಎಂದರು ಅತ್ತೆ. "ಒಂದಕ್ಕೆ ಒಂದು ಎಪ್ಪತ್ತು. ಹಂಗಾದ್ರೆ ಪೆಟ್ಟಿಗೇನೇ ಇರ್ಲಿ ಬಿಡ್ರಿ. ತೊಂಬತ್ತಾರು ನಾಳೆ ಕಟ್ಬಿಡಾಣ."

"ತಡಿಯೇ, ತಡಿ." ಮಾವ ಎದ್ದು ಪಡಸಾಲೆಯ ಉದ್ದಕ್ಕೂ ಒಂದು ಸಲ ಓಡಾಡಿದರು. ನಿಂತರು. ನನ್ನ ಕಡೆ ನೋಡದೆ, ಮಜ್ಜಿಗೆ ಲೋಟಕ್ಕೆ ಹೇಳುವವರ ಹಾಗೆ ಹೇಳಿದರು: "ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಬಂದ್ಬಿಡ್ಬೇಕು. ಕಂಡಕ್ಟರ್ ನಮ್ಮೋನೇ, ಹೇಳಿರ್ತೀನಿ."

ಅಯ್ಯೋ ನನ್ನ ಶಿವನೇ! ನನಗೆ ಆಗ ಆದ ಸಂತೋಷವನ್ನು ಹೇಗೆ ಹೇಳಲಿ. ಅಡುಗೆಮನೆಗೆ ಓಡಿ, ಏನು ಮಾಡಬೇಕೆಂದು ತಿಳಿಯದೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಪೆಟ್ಟಿಗೆ ಉಳಿಯಲಿ ಎಂದು ನಾನು ಹೊಡೆದಾಡಿದ್ದೆ. ಅತ್ತೆ ಪೆಟ್ಟಿಗೆಯನ್ನು ತೆಗೆದುಹಾಕಿ ಇಡೀ ಅಂಗಡಿಯ ಬಾಗಿಲನ್ನೇ ತೆಗೆಸಿದ್ದರು. ಇದನ್ನು ಅವರು ಒಗೆಯುವ ಕಲ್ಲಿನ ಮೇಲೆ ಕೂತಾಗ ಹೊಳೆಸಿಕೊಂಡರೋ, ಮೊದಲ ಬೀಜ ಹಾಕಿದ ದಿನವೇ ಮನಸ್ಸಿನಲ್ಲಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದಾಗೆಲ್ಲ, "ನನಗೆಂಥದ್ದು, ಲೆಕ್ಕ ಹಂಗೆ ಬಂತು," ಎನ್ನುತ್ತಿದ್ದರು.

ಜೂನ್ ಮೊದಲ ವಾರ, ಖಾಲಿ ಚೀಲ ಹಿಡಿದು ಒಬ್ಬಳೇ ಬೆಳಗಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತೆ. ದಾರಿಯುದ್ದಕ್ಕೂ ಹೊಲ ಹರಗುತ್ತಿದ್ದರು, ಮಣ್ಣಿನ ವಾಸನೆ ಬಸ್ಸಿನೊಳಗೇ ಬರುತ್ತಿತ್ತು. ಯಾರೂ ನನ್ನನ್ನು ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. ಟಿಕೆಟ್ಟನ್ನು ಬಳೆಯ ಸಂದಿಗೆ ಸಿಕ್ಕಿಸಿಕೊಂಡು ನಾನೇ ಎರಡು ಮೂರು ಸಲ ಮುಟ್ಟಿ ನೋಡಿಕೊಂಡೆ.

ಚಿತ್ರಲಿಂಗಪ್ಪನವರ ಮುಖ ಅಷ್ಟು ಚೆನ್ನಾಗಿರಲಿಲ್ಲ. "ಪೆಟ್ಟಿಗೆ ನಿಲ್ಸಿಬಿಟ್ರಲ್ಲಮ್ಮ. ಇಪ್ಪತ್ತು ಬರ್ತಿದ್ದ ಕಡೆ ಐದಕ್ಕೆ ಬಂದೀರ."

"ಇಪ್ಪತ್ತರಾಗೂ ಐದೇ ಓದ್ತಿದ್ವಿ ಕಣ್ರಿ," ಎಂದೆ.

ಅವರು ಪೆಟ್ಟಿಗೆಗೆಂದು ಮಾವ ಮೊದಲು ಕಟ್ಟಿದ್ದ ಡಿಪಾಜಿಟ್ಟೇ ಇದಕ್ಕೂ ಇರಲಿ ಎಂದು ಒಳಗೆ ಬಿಟ್ಟರು. ನಾಲ್ಕೂ ಗೋಡೆಗೆ ಪುಸ್ತಕ. ನಾನು ಅಷ್ಟು ಪುಸ್ತಕವನ್ನು ಒಟ್ಟಿಗೆ ಕಂಡವಳೇ ಅಲ್ಲ. ಪುಟ ತಿರುವಿದೆ, ಮೊದಲ ಪ್ಯಾರ ಓದಿದೆ, ಇಟ್ಟೆ, ಮತ್ತೆ ತೆಗೆದೆ. ನಮಗೆ ಬರೀ ಎರಡನೇ ಭಾಗ ಬಂದಿದ್ದ ಕಾದಂಬರಿಯ ಮೊದಲನೇ ಭಾಗ ಅಲ್ಲೇ ಮೂಲೆಯಲ್ಲಿ ಕೂತಿತ್ತು! ಅದನ್ನು ಎತ್ತಿಕೊಂಡೆ. ಕಾಟಮ್ಮ ಬಾಯಿತುಂಬ ಬಯ್ಯುವುದಕ್ಕೆ ಒಬ್ಬ ಒಳ್ಳೇ ಕೆಟ್ಟವನಿರುವ ಕಾದಂಬರಿ ಹುಡುಕಿದೆ. ಐದಾಯಿತು.

ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆ. ಅತ್ತೆ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಪುಸ್ತಕ ತೋರಿಸಹೋದರೆ ಅತ್ತ ಸರಿಸಿದರು.

"ಅದು ಆಮೇಲೆ. ಬಸ್ಸಿನಾಗೆ ಎಲ್ಲಿ ಕುಂತ್ಕಂಡಿದ್ದೆ?"

"ಕಿಟಕಿ ಹತ್ರ."

"ಏನೇನ್ ಕಂಡ್ತು?"

ಹೇಳಿದೆ. ಹರಗಿದ ಹೊಲ, ಲೈಬ್ರರಿಯ ಗೋಡೆ, ಚಿತ್ರಲಿಂಗಪ್ಪನವರ ಮುಖ, ಬರುವಾಗ ಪಕ್ಕದಲ್ಲಿ ಕೂತ ಮುದುಕಿ ಕೊಟ್ಟ ಹುರಿಗಡಲೆ, ಎಲ್ಲ. ಕಾದಂಬರಿ ಓದುವಾಗ ಹೆಂಗಸರು ಕೇಳುತ್ತಾರಲ್ಲ, ಹಾಗೆ ಕೇಳಿದರು. ನಡುನಡುವೆ, "ಆಮೇಲೆ?" ಎಂದರು. ಐವತ್ತೈದು ವರ್ಷದ ಹೆಂಗಸು, ಒಂದೇ ಒಂದು ಸಲವೂ ಒಬ್ಬರೇ ಬಸ್ಸು ಹತ್ತಿದವರಲ್ಲ ಎಂಬುದು ನನಗೆ ಆಗ ಹೊಳೆಯಿತು.

ಹೇಳಿ ಮುಗಿಸಿದ ಮೇಲೆ ಗೂಡಿನ ಕಡೆ ಕೈ ಚಾಚಿ ಕುಡಿಕೆ ತೆಗೆದರು. ಹಳೇ ವರ್ಷದ ಬೀಜಗಳನ್ನೆಲ್ಲ ಚೆಲ್ಲಿ ಕುಡಿಕೆ ಖಾಲಿ ಮಾಡಿಟ್ಟಿದ್ದರು. ಅದರೊಳಗೆ ಒಂದು ಬೀಜ ಹಾಕಿದರು.

"ಅತ್ತೇರೆ, ಪುಸ್ತಕ ಇನ್ನೂ ತೆಗೆದೇ ಇಲ್ವಲ್ರಿ!"

"ಪುಸ್ತಕದ್ದು ಓದಿದ ಮ್ಯಾಲೆ ಹಾಕ್ತೀನಿ. ಇದು ಬಸ್ಸಿಂದು," ಎಂದರು ಅತ್ತೆ. "ಮೂರು ರೂಪಾಯಿ ಖರ್ಚಿಗೆ ಹಿಡಿದೀನಿ ಅಂದ್ಮೇಲೆ ಅದರ ಉಪಯೋಗಾನೂ ಹಿಡೀಬೇಕಲ್ಲವ್ವ."